ಕಚ್ಚಿ ಬಿರಿಯಾನಿಯ ಮಟನ್: ಪರಂಗಿಕಾಯಿ, ಮೊಸರು, ನಿಂಬೆ ಎಷ್ಟು, ಎಷ್ಟು ಹೊತ್ತು?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಕಿಲೋ ಮಟನ್ ಮುಂದಿಟ್ಟುಕೊಂಡೇ ಮಾತಾಡೋಣ. ಕಚ್ಚಿ ಬಿರಿಯಾನಿಯಲ್ಲಿ ಹಸಿ ಮಾಂಸವನ್ನೇ ಪಾತ್ರೆಯ ತಳಕ್ಕೆ ಹಾಕಿ, ಮೇಲೆ ಅರೆಬೆಂದ ಅಕ್ಕಿ ಹರಡಿ ದಮ್ ಕಟ್ಟುತ್ತಾರೆ. ಅಕ್ಕಿ ಅರಳಿ ಮುಗಿಯುವ ಹೊತ್ತಿಗೆ ಮಾಂಸವೂ ಬೆಂದಿರಬೇಕು. ಕುಕ್ಕರ್ ಸಾರಿಗೆ ಪರಂಗಿಕಾಯಿ ಬೇಕಿಲ್ಲ, ಇದಕ್ಕೆ ಬೇಕು.

ಪರಂಗಿಕಾಯಿಯ ಬಿಳಿ ಸೊನೆಯಲ್ಲಿ ಪಪೇನ್ ಎಂಬ ಕಿಣ್ವವಿದೆ. ಅದು ಮಾಂಸದ ನಾರನ್ನೂ ನಾರುಗಳನ್ನು ಹಿಡಿದಿಟ್ಟ ಪೊರೆಯನ್ನೂ ತುಂಡರಿಸುತ್ತದೆ. ಸೊನೆ ಹೆಚ್ಚಿರುವುದು ಸಿಪ್ಪೆಯಲ್ಲಿ, ಆದ್ದರಿಂದ ಹಸಿರು ಕಾಯನ್ನು ತೊಳೆದು ಸಿಪ್ಪೆ ಸಮೇತ ಅರೆಯಿರಿ. ಹಣ್ಣಾದದ್ದರಲ್ಲಿ ಆ ಬಲ ಇರುವುದಿಲ್ಲ. ಮುಖ್ಯ ಸಂಗತಿ ಇದು: ಫ್ರಿಜ್‌ನ ತಂಪಿನಲ್ಲಿ ಪಪೇನ್ ನಿಧಾನ. ಮಾಂಸ 60–70 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಅದರ ಚುರುಕು ಹೆಚ್ಚು, ಇನ್ನೂ ಕಾದರೆ ಅದು ಸತ್ತುಹೋಗುತ್ತದೆ. ದಮ್‌ನಲ್ಲಿ ಪಾತ್ರೆ ನಿಧಾನವಾಗಿ ಕಾಯುವುದರಿಂದ ಮಾಂಸ ಆ ಬಿಸಿಯನ್ನು ದಾಟಲು ಬಹಳ ಹೊತ್ತು ಬೇಕು. ನೆನೆಯುವಾಗ ಸರಿಯಾಗೇ ಕಂಡ ಮಾಂಸ ದಮ್ ಬಿಚ್ಚಿದಾಗ ಹಿಟ್ಟಾಗುವುದು ಇದೇ ಕಾರಣಕ್ಕೆ.

ಮೊಸರಿನ ಹುಳಿ ಸೌಮ್ಯ. ರಾತ್ರಿಯಿಡೀ ಇಟ್ಟರೂ ಮಾಂಸ ಕೆಡುವುದಿಲ್ಲ, ಮಸಾಲೆಯೂ ಚೆನ್ನಾಗಿ ಅಂಟುತ್ತದೆ. ನಿಂಬೆರಸ ಹಾಗಲ್ಲ. ಹೊತ್ತು ಹೆಚ್ಚಾದರೆ ಮಾಂಸದ ಮೇಲ್ಪದರ ಬೆಳ್ಳಗಾಗಿ ಬಿಗಿದುಕೊಂಡು ನೀರು ಬಿಡುತ್ತದೆ, ಬೆಂದ ಮೇಲೆ ಒಣಒಣ. ನಿಂಬೆಯನ್ನು ರುಚಿಗೆಂದೇ ಬಳಸಿ, ಮೆದು ಮಾಡಲು ಅದನ್ನು ನಂಬಬೇಡಿ.

ಈಗ ನಮ್ಮ ಒಂದು ಕಿಲೋ. ತೊಡೆ, ಭುಜದ ಮಾಂಸವನ್ನು ನಿಂಬೆಹಣ್ಣಿನ ಗಾತ್ರಕ್ಕೆ ಕತ್ತರಿಸಿ, ತೊಳೆದು, ನೀರು ಪೂರ್ತಿ ಬಸಿಯಿರಿ. 15 ಗ್ರಾಂ ಉಪ್ಪು, ಎರಡು ಟೇಬಲ್ ಚಮಚ ಪರಂಗಿಕಾಯಿ ಪೇಸ್ಟ್ ಹಾಕಿ ಪ್ರತಿ ತುಂಡಿಗೂ ತಿಕ್ಕಿ. ಒಳಗಿನವರೆಗೆ ಇಳಿಯುವುದು ಉಪ್ಪೊಂದೇ, ಉಳಿದವು ಮೇಲಿನ ಕೆಲವೇ ಮಿಲಿಮೀಟರ್. ಹಾಗಾಗಿ ದಪ್ಪ ತುಂಡಿಗೆ ಫೋರ್ಕ್‌ನಿಂದ ಚುಚ್ಚಿ. ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಆಮೇಲೆ 250 ಗ್ರಾಂ ಗಟ್ಟಿ ಮೊಸರು, ಮಸಾಲೆ ಕಲಸಿ ಮತ್ತೆ ಮೂರು ಗಂಟೆ ಅಲ್ಲೇ ಇಡಿ. ಸ್ಟೀಲ್ ಅಥವಾ ಗಾಜಿನ ಪಾತ್ರೆ ಇರಲಿ, ಅಲ್ಯೂಮಿನಿಯಂ ಹುಳಿಗೆ ಬೇಡ. ಅರ್ಧ ನಿಂಬೆಯ ರಸ ದಮ್ ಕಟ್ಟುವ ಮುಂಚೆ ಸಾಕು.

ರಾತ್ರಿಯೇ ನೆನೆಸಿಡುವುದಾದರೆ ಮೊಸರು, ಉಪ್ಪು, ಮಸಾಲೆ ಮಾತ್ರ ಹಾಕಿ, ಪರಂಗಿಕಾಯಿಯನ್ನು ಬೆಳಿಗ್ಗೆ ಸೇರಿಸಿ. ಕೋಳಿಗೆ ಮೊಸರೇ ಸಾಕು, ನಾಲ್ಕರಿಂದ ಎಂಟು ಗಂಟೆ.

ದಮ್‌ಗೆ ಹಾಕುವ ಮುಂಚೆ ಒಂದು ತುಂಡಿನ ಅಂಚನ್ನು ಉಗುರಿನಿಂದ ಒತ್ತಿ ನೋಡಿ. ಉಗುರು ಸ್ವಲ್ಪ ಇಳಿದು ನಾರು ಹಾಗೇ ಉಳಿದರೆ ಸರಿ. ಮೇಲ್ಮೈ ಲೋಳೆಯಾಗಿ, ನಾರು ಬೆರಳಿಗೇ ಕಿತ್ತುಬಂದರೆ ಹದ ಮೀರಿದೆ. ಅಂಥದ್ದನ್ನು ದಮ್‌ಗೆ ಹಾಕಬೇಡಿ. ತಕ್ಷಣ ಸಣ್ಣಗೆ ಕೊಚ್ಚಿ, ಹುರಿಗಡಲೆ ಹಿಟ್ಟು ಸೇರಿಸಿ, ತಟ್ಟಿ, ಬಿಸಿ ಕಾವಲಿಯ ಮೇಲೆ ಕಬಾಬ್ ಮಾಡಿಕೊಳ್ಳಿ.