ಬಾಕಿ ಕೇಳೋ ಪತ್ರದಲ್ಲಿ ಬಾಕಿ ಎಷ್ಟು ಅಂತಲೇ ಇಲ್ಲ!

ಮೊದಲು ಒಂದು ಪತ್ರ ಓದುತ್ತೇನೆ, ಕೇಳಿ.

"ಮಾನ್ಯರೇ, ನಮ್ಮ ಅಂಗಡಿಯಿಂದ ತಾವು ಪಡೆದ ಸಾಮಾನುಗಳ ಬಾಬ್ತು ಬಾಕಿ ಹಣ ಇದುವರೆಗೂ ಬಂದಿರುವುದಿಲ್ಲ. ದಯಮಾಡಿ ಆದಷ್ಟು ಬೇಗ ಪಾವತಿಸಿ ಸಹಕರಿಸಬೇಕೆಂದು ವಿನಂತಿ. ಇಂತಿ ತಮ್ಮ ವಿಶ್ವಾಸಿ."

ಅಷ್ಟೇ. ಅರಸೀಕೆರೆ ಕಡೆಯ ಒಬ್ಬ ಹಾರ್ಡ್‌ವೇರ್ ಅಂಗಡಿಯವರು ಒಬ್ಬ ಮೇಸ್ತ್ರಿಗೆ ಬರೆದದ್ದು. ಸಿಮೆಂಟು, ಕಂಬಿ, ಬೈಂಡಿಂಗ್ ವೈರು ಮಾರುವ ಸಣ್ಣ ಅಂಗಡಿ. ನಾನು ಆ ಬೀದಿಯ ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುವವನು. ಹಾಗಾಗಿ ಈ ಪತ್ರ ನನ್ನ ಕೈಗೆ ಬಂತು. ಇದು ಮೂರನೆಯ ಪತ್ರವಂತೆ. ಮೊದಲ ಎರಡೂ ಹೀಗೇ ಇದ್ದವು. ಒಂದಕ್ಕೂ ಉತ್ತರ ಬಂದಿಲ್ಲ.

ಉತ್ತರ ಹೇಗೆ ಬರುತ್ತೆ ಹೇಳಿ? ಈ ಪತ್ರದಲ್ಲಿ ಉತ್ತರ ಕೊಡೋಕೆ ಏನಿದೆ? ಎಷ್ಟು ಹಣ ಅಂತ ಇಲ್ಲ. ಯಾವಾಗಿನ ಬಾಕಿ, ಯಾವಾಗ ಕೊಡಬೇಕು ಅಂತ ಇಲ್ಲ. ಓದುವವನು ಯಾರು ಅಂತಲೂ ಇಲ್ಲ. ಆ ಮೇಸ್ತ್ರಿ ಏಳು ವರ್ಷದಿಂದ ಇದೇ ಅಂಗಡಿಗೆ ಬರುತ್ತಿದ್ದಾನೆ. ಅವನಿಗೆ "ಮಾನ್ಯರೇ" ಅಂತೆ! ದಿನಾ ಟೀ ಕುಡಿಸಿದ ಮನುಷ್ಯನಿಗೆ ಒಂದು ದಿನ "ಮಾನ್ಯರೇ" ಅಂದರೆ, ಅವನಿಗೆ ಮರ್ಯಾದೆ ಕೊಟ್ಟ ಹಾಗೆ ಅನಿಸಲ್ಲ. ಬಾಗಿಲು ಹಾಕಿದ ಹಾಗೆ ಅನಿಸುತ್ತೆ.

"ಯಾಕೆ ಸ್ವಾಮಿ, ಎಷ್ಟು ಅಂತ ಬರೆದಿಲ್ಲ?" ಅಂದೆ. "ಅವರಿಗೇ ಗೊತ್ತಿರುತ್ತೆ ಬಿಡಿ. ದುಡ್ಡು ಎಷ್ಟು ಅಂತ ಬರೆದರೆ ಒಂಥರಾ ಆಗುತ್ತೆ" ಅಂದರು.

ಎಲ್ಲರೂ ಇದನ್ನೇ ಹೇಳ್ತಾರೆ. ಸಂಕೋಚ, ದಾಕ್ಷಿಣ್ಯ ಅಂತ. ನಾನು ಒಪ್ಪಲ್ಲ. ಹತ್ತು ವರ್ಷದಿಂದ ಈ ಪುಸ್ತಕಗಳನ್ನು ನೋಡುತ್ತಿದ್ದೇನೆ. ಪತ್ರದಲ್ಲಿ ಮೊತ್ತ ಇಲ್ಲ ಅಂದರೆ ಹೆಚ್ಚಿನ ಸಲ ಪುಸ್ತಕದಲ್ಲೂ ಮೊತ್ತ ಇರಲ್ಲ. ಬರೆದವರಿಗೇ ಖಾತ್ರಿ ಇಲ್ಲ. ತಪ್ಪು ಮೊತ್ತ ಬರೆದು ಸಿಕ್ಕಿಹಾಕಿಕೊಂಡರೆ ಅನ್ನೋ ಭಯ. ಆ ಭಯಕ್ಕೆ ದಾಕ್ಷಿಣ್ಯದ ಅಂಗಿ ತೊಡಿಸಿರುತ್ತಾರೆ, ಅಷ್ಟೇ.

ಖಾತೆ ತೆಗೆಸಿದೆ. ಮೂರು ಬಿಲ್ಲು, ಎಲ್ಲಾ 2023ರವು. ಮಾರ್ಚ್ 4ರದ್ದು 18,600 ರೂಪಾಯಿ. ಏಪ್ರಿಲ್ 11ರದ್ದು 27,450. ಮೇ 20ರದ್ದು 9,300. ಒಟ್ಟು 55,350. ಏಪ್ರಿಲ್ 30ಕ್ಕೆ ಮೇಸ್ತ್ರಿ ಫೋನಿನಲ್ಲಿ 20,000 ಹಾಕಿದ್ದಾನೆ. ಹಾಗಾದರೆ ಬಾಕಿ 35,350 ಅಲ್ವಾ? ಅಂಗಡಿಯವರ ತಲೆಯಲ್ಲಿ ಇದ್ದದ್ದೂ ಅದೇ.

ಆದರೆ ಪುಸ್ತಕದ ಹಿಂದಿನ ಪುಟದಲ್ಲಿ, ಪೆನ್ಸಿಲಿನಲ್ಲಿ, "ಮೇಸ್ತ್ರಿ 6 ಮೂಟೆ ವಾಪಸ್" ಅಂತ ಇತ್ತು. ಮೇ ತಿಂಗಳ ಬಿಲ್ಲಿನ ಸಿಮೆಂಟು. ಮೂಟೆಗೆ 390ರಂತೆ 2,340 ರೂಪಾಯಿ. ಅದನ್ನು ಯಾರೂ ಖಾತೆಗೆ ಏರಿಸಿಲ್ಲ. ಬಾಕಿ 33,010ಕ್ಕೆ ಇಳಿಯಿತು.

ಇನ್ನು ಬಂದ 20,000 ಯಾವ ಬಿಲ್ಲಿಗೆ ಹೋಗಬೇಕು? ಇದಕ್ಕೆ ಕಾಂಟ್ರಾಕ್ಟ್ ಕಾಯಿದೆಯಲ್ಲೇ ನಿಯಮ ಇದೆ, 59ರಿಂದ 61ನೇ ಸೆಕ್ಷನ್‌ವರೆಗೆ. ಕೊಡುವವನು "ಇದು ಈ ಬಿಲ್ಲಿಗೆ" ಅಂದರೆ ಆ ಬಿಲ್ಲಿಗೆ. ಅವನು ಏನೂ ಹೇಳದಿದ್ದರೆ ತೆಗೆದುಕೊಂಡವನು ಆರಿಸಿಕೊಳ್ಳಬಹುದು. ಇಬ್ಬರೂ ಸುಮ್ಮನಿದ್ದರೆ ಹಳೆಯದು ಮೊದಲು. ಇಲ್ಲಿ ಇಬ್ಬರೂ ಸುಮ್ಮನಿದ್ದರು. ಹಾಗಾಗಿ ಮಾರ್ಚ್ ಬಿಲ್ಲು ತೀರಿತು, ಉಳಿದ 1,400 ಏಪ್ರಿಲ್ ಬಿಲ್ಲಿಗೆ ಹೋಯಿತು. ಈಗ ನಿಂತಿರುವುದು ಎರಡೇ: ಏಪ್ರಿಲ್ ಬಿಲ್ಲಿನಲ್ಲಿ 26,050, ಮೇ ಬಿಲ್ಲಿನಲ್ಲಿ 6,960.

ಇದನ್ನೆಲ್ಲಾ ಯಾಕೆ ಬಿಡಿಸಿ ಹೇಳಿದೆ ಅಂದರೆ, ಯಾವ ಬಿಲ್ಲು ಬಾಕಿ ಅಂತ ಗೊತ್ತಾಗದೆ ದಿನಾಂಕದ ಮಾತು ಆಡೋಕೇ ಆಗಲ್ಲ.

ದಿನಾಂಕ ಅಂದಾಗ ಅಂಗಡಿಯವರು ನಕ್ಕರು. "ಯಾವ ದಿನಾಂಕ? ಕೆಲಸ ಮುಗಿದ ಮೇಲೆ ಕೊಡ್ತೀನಿ ಅಂದಿದ್ದ." ವಾಯಿದೆ ಅಂತ ಒಂದು ಇರಲೇ ಇಲ್ಲ. ಬಿಲ್ಲಿನ ಮೇಲೆ "30 ದಿನದೊಳಗೆ" ಅಂತ ಒಂದು ಸಾಲೂ ಇಲ್ಲ. ಆಗ ಏನಾಗುತ್ತೆ ಗೊತ್ತಾ? 1963ರ ಲಿಮಿಟೇಶನ್ ಕಾಯಿದೆ ಪ್ರಕಾರ, ವಾಯಿದೆ ಇಲ್ಲದೆ ಮಾರಿದ ಸಾಮಾನಿನ ಹಣಕ್ಕೆ ದಾವೆ ಹಾಕೋಕೆ ಮೂರು ವರ್ಷ. ಅದೂ ಸಾಮಾನು ಕೊಟ್ಟ ದಿನದಿಂದ. ವಾಯಿದೆ ಹೇಳಿದ್ದರೆ ಆ ವಾಯಿದೆ ಮುಗಿದ ದಿನದಿಂದ ಎಣಿಕೆ. ಅಂದರೆ ಏಪ್ರಿಲ್ ಬಿಲ್ಲಿಗೆ ಕೊನೆ 2026ರ ಏಪ್ರಿಲ್ 11. ನಾನು ಪುಸ್ತಕ ನೋಡುತ್ತಿದ್ದದ್ದು 2026ರ ಜನವರಿಯಲ್ಲಿ. ದಾವೆಗೆ ಉಳಿದದ್ದು ಮೂರು ತಿಂಗಳು.

"ನಾನು ಎರಡು ಪತ್ರ ಹಾಕಿದ್ದೀನಲ್ಲ, ಅದರಿಂದ ಕಾಲ ಮುಂದೆ ಹೋಗಲ್ವಾ?" ಅಂದರು. ತುಂಬಾ ಜನ ಹೀಗೇ ಅಂದುಕೊಂಡಿರುತ್ತಾರೆ. ಇಲ್ಲ, ಹೋಗಲ್ಲ. ನೀವು ನೂರು ಪತ್ರ ಬರೆದರೂ ಆ ಮೂರು ವರ್ಷ ಒಂದು ದಿನವೂ ಉದ್ದ ಆಗಲ್ಲ. ಕಾಯಿದೆ ಕೇಳುವುದು ಕೊಡಬೇಕಾದವನ ಸಹಿ. 18ನೇ ಸೆಕ್ಷನ್. ಮೂರು ವರ್ಷ ಮುಗಿಯುವ ಮೊದಲು ಅವನು "ಹೌದು, ಇದು ಬಾಕಿ ಇದೆ" ಅಂತ ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ, ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ. ಫೋನಿನಲ್ಲಿ "ಕೊಡ್ತೀನಣ್ಣ, ಎಲ್ಲಿಗೆ ಹೋಗ್ತೀನಿ" ಅಂದದ್ದು ಲೆಕ್ಕಕ್ಕಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು: ಜ್ಞಾಪನೆ ಪತ್ರ ಬರೆಯುವುದು ಹಣ ಕೇಳೋಕೆ ಅಲ್ಲ. ಲೆಕ್ಕ ಒಪ್ಪಿಸೋಕೆ. ಹಣ ಅದರ ಹಿಂದೆ ಬರುತ್ತೆ, ಅಥವಾ ಬರಲ್ಲ. ಆದರೆ ಸಹಿ ಮೊದಲು ಬರಬೇಕು. ಮೊತ್ತವೇ ಇಲ್ಲದ ಪತ್ರಕ್ಕೆ ಯಾರು, ಯಾವುದಕ್ಕೆ ಸಹಿ ಹಾಕ್ತಾರೆ?

ಇಲ್ಲಿ ಒಂದು ಪಕ್ಕದ ಮಾತು. ಮೊಬೈಲ್‌ನಲ್ಲಿ ಒಂದು ಮೆಸೇಜು ಓಡಾಡುತ್ತೆ, "ಸಣ್ಣ ಉದ್ಯಮಕ್ಕೆ 45 ದಿನದಲ್ಲಿ ಹಣ ಕೊಡಲೇಬೇಕು, ಇಲ್ಲದಿದ್ದರೆ ಮೂರು ಪಟ್ಟು ಬಡ್ಡಿ" ಅಂತ. ಆ ಕಾನೂನು ನಿಜ, 2006ರದ್ದು. ಆದರೆ ಅದು ತಯಾರಿಸುವವರಿಗೆ, ಸೇವೆ ಕೊಡುವವರಿಗೆ. ಕೊಂಡು ಮಾರುವ ವ್ಯಾಪಾರಿಗಳನ್ನು 2021ರ ಜುಲೈಯಲ್ಲಿ ಉದ್ಯಮ್ ನೋಂದಣಿಗೆ ಸೇರಿಸಿದರು ಹೌದು. ಆದರೆ ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ನಮ್ಮ ಹಾರ್ಡ್‌ವೇರ್ ಅಂಗಡಿಯವರು ಅದನ್ನು ಪತ್ರದಲ್ಲಿ ಸೇರಿಸೋಣ ಅಂದರು. ಬೇಡ ಅಂದೆ. ಸಲ್ಲದ ಬೆದರಿಕೆ ಹಾಕಿದರೆ ಸಲ್ಲುವ ಮಾತಿಗೂ ಬೆಲೆ ಇರಲ್ಲ.

ಮೊತ್ತ ಆಯಿತು, ದಿನಾಂಕ ಆಯಿತು. ಮೂರನೆಯದು, ಸಂಬಂಧ. ಇದನ್ನು ಎಲ್ಲರೂ ಬರೀ ಮರ್ಯಾದೆಯ ವಿಷಯ ಅಂದುಕೊಳ್ಳುತ್ತಾರೆ. ಅಣ್ಣ ಅನ್ನಬೇಕಾ, ಸ್ವಾಮಿ ಅನ್ನಬೇಕಾ ಅಂತ. ಅದೂ ಇದೆ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ಈ ಮನುಷ್ಯ ನಿಮಗೆ ಯಾರು? ಗಿರಾಕಿಯೋ, ಗಿರಾಕಿಯ ಪರವಾಗಿ ಬಂದವನೋ?

ಮನೆ ಕಟ್ಟಿಸುವವರು ಒಬ್ಬರು, ಕಟ್ಟುವವನು ಮೇಸ್ತ್ರಿ. ಸಾಮಾನು ಇಳಿಯುವುದು ಸೈಟಿನಲ್ಲಿ. ಕೆಲವು ಕಡೆ ಮೇಸ್ತ್ರಿ ಸಾಮಾನು ಸಮೇತ ಗುತ್ತಿಗೆ ಹಿಡಿದಿರುತ್ತಾನೆ, ಆಗ ಬಾಕಿ ಅವನದು. ಕೆಲವು ಕಡೆ ಬರೀ ಕೂಲಿ ಗುತ್ತಿಗೆ, ಸಾಮಾನು ಮನೆಯವರದು. ಆಗ ಮೇಸ್ತ್ರಿ ಬರೀ ಹೇಳಿಕಳಿಸಿದವನು. ನಮ್ಮ ಬಿಲ್ಲುಗಳನ್ನು ನೋಡಿದರೆ ಮಾರ್ಚ್, ಏಪ್ರಿಲ್‌ನವು ಮೇಸ್ತ್ರಿ ಹೆಸರಿನಲ್ಲಿ ಇವೆ. ಮೇ ಬಿಲ್ಲಿನಲ್ಲಿ ಹೆಸರೇ ಇಲ್ಲ! "ಹೊಸ ಬಡಾವಣೆ ಸೈಟು" ಅಂತ ಇದೆ. ಸೈಟಿಗೆ ಪತ್ರ ಬರೆಯೋಕಾಗುತ್ತಾ?

ಸರಿ, ಕೂತು ಹೊಸ ಪತ್ರ ಬರೆದೆವು. ಒಂದು ಪುಟ. ಓದುತ್ತೇನೆ.

"ಮೇಸ್ತ್ರಿಯವರಿಗೆ ನಮಸ್ಕಾರ. 2019ರಿಂದ ನೀವು ನಮ್ಮಲ್ಲೇ ಸಾಮಾನು ತೆಗೆದುಕೊಳ್ಳುತ್ತಿದ್ದೀರಿ. ನಮ್ಮ ಪುಸ್ತಕದ ಪ್ರಕಾರ ನಿಮ್ಮ ಖಾತೆ ಹೀಗಿದೆ. 11-4-2023ರ ಬಿಲ್ಲಿನಲ್ಲಿ ಉಳಿದದ್ದು 26,050. 20-5-2023ರ ಬಿಲ್ಲಿನಲ್ಲಿ, ವಾಪಸ್ ಬಂದ 6 ಮೂಟೆ ಕಳೆದು, 6,960. ಒಟ್ಟು 33,010 ರೂಪಾಯಿ. ಇದರಲ್ಲಿ ವ್ಯತ್ಯಾಸ ಇದ್ದರೆ ಜನವರಿ 31ರೊಳಗೆ ತಿಳಿಸಿ, ಕೂತು ಸರಿ ಮಾಡೋಣ. ಸರಿ ಇದ್ದರೆ ಎರಡನೇ ಪ್ರತಿಗೆ ತಾರೀಖು ಹಾಕಿ, ಸಹಿ ಮಾಡಿ ಕಳುಹಿಸಿ. ಹಣವನ್ನು ಫೆಬ್ರವರಿ 28ರೊಳಗೆ ಕೊಡಿ. ಒಂದೇ ಸಲ ಕಷ್ಟ ಆದರೆ ಎಷ್ಟು ಕಂತು ಅಂತ ನೀವೇ ಬರೆಯಿರಿ."

ಬಿಲ್ಲುಗಳ ಜೆರಾಕ್ಸ್ ಜೊತೆಗಿಟ್ಟು ಮುಚ್ಚಿದ ಕವರಿನಲ್ಲಿ ಕಳಿಸಿದೆವು. ಕೆಲಸದ ಜಾಗಕ್ಕೆ ಬೇಡ ಅಂದೆ, ಆಳುಗಳ ಮುಂದೆ ಓದುವ ಹಾಗಾಗಬಾರದು.

ಎರಡು ವರ್ಷ ಸುಮ್ಮನಿದ್ದ ಮೇಸ್ತ್ರಿ ಮೂರನೇ ದಿನ ಅಂಗಡಿಯಲ್ಲಿ ನಿಂತಿದ್ದ. ಸಿಟ್ಟಾಗಿದ್ದ. "33,010 ಎಲ್ಲಿಂದ ಬಂತು? ಜುಲೈ 2ಕ್ಕೆ ನಿಮ್ಮ ಹುಡುಗನ ಕೈಲಿ 5,000 ಕ್ಯಾಶ್ ಕೊಟ್ಟಿದ್ದೆ!" ನೋಡಿ, ಇದೇ ನನಗೆ ಬೇಕಿದ್ದದ್ದು. ಮೊತ್ತ ಇಲ್ಲದ ಪತ್ರಕ್ಕೆ ಮೌನ ಸಿಗುತ್ತೆ. ಮೊತ್ತ ಇರುವ ಪತ್ರಕ್ಕೆ ಜಗಳ ಸಿಗುತ್ತೆ. ಜಗಳಕ್ಕೆ ಬಂದವನು ಬಾಕಿ ಇದೆ ಅಂತ ಅರ್ಧ ಒಪ್ಪಿಕೊಂಡೇ ಬಂದಿರುತ್ತಾನೆ.

ಹುಡುಗನನ್ನು ಕರೆಸಿದರು. ಕೊಟ್ಟಿದ್ದು ನಿಜ. ಅವತ್ತು ಲಾರಿ ಬಂದಿತ್ತು, ಆ ದುಡ್ಡಲ್ಲೇ ಬಾಡಿಗೆ ಕೊಟ್ಟು ಕಳಿಸಿದ್ದ. ಜಮಾನೂ ಬರೆದಿಲ್ಲ, ಖರ್ಚೂ ಬರೆದಿಲ್ಲ. ಅಂಗಡಿಯವರ ಮುಖ ಸಣ್ಣದಾಯಿತು. ಈ 5,000ಕ್ಕಾಗಿಯೇ ಮೇಸ್ತ್ರಿ ಎರಡು ವರ್ಷ ಫೋನ್ ಎತ್ತದೆ ಇದ್ದದ್ದು. "ಕೊಟ್ಟದ್ದೇ ಬರೆದುಕೊಳ್ಳದವರಿಗೆ ಮತ್ತೆ ಯಾಕೆ ಕೊಡಲಿ" ಅಂತ. ತಪ್ಪೇನಿದೆ ಹೇಳಿ?

ಏಪ್ರಿಲ್ ಬಿಲ್ಲಿನಲ್ಲಿ 5,000 ಕಳೆದು 21,050 ಅಂತ ತಿದ್ದಿದೆವು. ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದರು. ಮೇಸ್ತ್ರಿ ತಾರೀಖೂ ಹಾಕಿದ, ಮೂರು ಕಂತು ಅಂತ ಬರೆದ. ಆಮೇಲೆ ಪೆನ್ನು ಕೆಳಗಿಟ್ಟ. "ಈ 6,960 ನಂದಲ್ಲ. ಅದು ಮನೆಯವರು ಹೇಳಿ ತರಿಸಿದ್ದು, ಅವರನ್ನೇ ಕೇಳಿ" ಅಂದ. ಆ ಸಾಲಿಗೆ ಒಂದು ಗೀಟು ಎಳೆದು, ಪಕ್ಕದಲ್ಲಿ "ಓನರ್" ಅಂತ ಬರೆದು ಹೊರಟ.

ಸಾಮಾನು ಇಳಿಸಿಕೊಂಡಾಗ ಚೀಟಿಗೆ ಯಾರು ಸಹಿ ಹಾಕಿದ್ದರು ಅಂತ ಈಗ ಹುಡುಕುತ್ತಿದ್ದೇವೆ. ಆ ಬಿಲ್ಲಿಗೆ 2026ರ ಮೇ 20ರವರೆಗೆ ಕಾಲ. ಮನೆಯವರಿಗೆ ಬರೆಯಬೇಕಾದ ಪತ್ರದ ಮೊದಲ ಸಾಲು ಇನ್ನೂ ಖಾಲಿ. ಅವರು ಈ ಅಂಗಡಿಗೆ ಒಂದು ದಿನವೂ ಬಂದವರಲ್ಲ.