ರಾತ್ರಿ ಹನ್ನೊಂದೂವರೆಗೆ ಮ್ಯಾನೇಜರ್‌ಗೆ ಒಂದು ಮೆಸೇಜ್

ರಾತ್ರಿ ಹನ್ನೊಂದೂವರೆ. ಜ್ವರ ಏರುತ್ತಿದೆ. ನಾಳೆ ಕೆಲಸಕ್ಕೆ ಹೋಗೋಕೆ ಆಗಲ್ಲ ಅಂತ ಖಾತ್ರಿಯಾಗಿದೆ. ಈಗ ಫೋನ್ ತೆಗೆದು ನಮ್ಮಲ್ಲಿ ಎಷ್ಟೋ ಜನ ಮೊದಲು ಟೈಪ್ ಮಾಡುವುದು ಏನು ಗೊತ್ತಾ? "ಹಾಯ್ ಸರ್". ಅಷ್ಟೇ ಕಳಿಸಿ, ಸುಮ್ನೆ ಕಾಯುತ್ತಾ ಕೂರುತ್ತಾರೆ.

ಆ ಹೊತ್ತಿಗೆ ಇದಕ್ಕಿಂತ ಕೆಟ್ಟ ಮೆಸೇಜ್ ಇಲ್ಲ ಅಂತೀನಿ ನಾನು. ಆ ಕಡೆಯವರಿಗೆ ನೋಟಿಫಿಕೇಶನ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಮಧ್ಯರಾತ್ರಿ ಹತ್ತಿರ ಬರೀ "ಹಾಯ್ ಸರ್" ಕಂಡರೆ ಏನಂದುಕೊಳ್ಳಬೇಕು? ಏನೋ ಕೆಟ್ಟುಹೋಗಿದೆ, ಇಲ್ಲವೇ ಇವರು ರಾಜೀನಾಮೆ ಕೊಡುತ್ತಿದ್ದಾರೆ. ಅದರ ಬದಲು ವಿಷಯ ಮೊದಲ ಸಾಲಿಗೇ ಬಂದರೆ, ಅವರು ಮೆಸೇಜ್ ತೆರೆಯದೆಯೇ ಓದಿ ಮಲಗಬಹುದು.

ಇನ್ನು "ನಾಳೆ ರಜೆ ಸಿಗಬಹುದಾ ಸರ್, ಪ್ಲೀಸ್?" ಅನ್ನುವುದು. ಕೇಳೋಕೆ ವಿನಯವಾಗಿಯೇ ಇದೆ. ಆದರೆ ಪ್ರಶ್ನೆ ಕೇಳಿದ ಮೇಲೆ ಅವರು ಉತ್ತರ ಕೊಡಬೇಕು, ಅಲ್ವಾ? ಕೊಡದಿದ್ದರೆ ನೀವು ಜ್ವರದಲ್ಲೂ ನೀಲಿ ಟಿಕ್ ಬಂತಾ ಅಂತ ನೋಡುತ್ತಾ ಎದ್ದಿರುತ್ತೀರಿ. ಮೈ ಹುಷಾರಿಲ್ಲ ಅನ್ನುವುದು ತಿಳಿಸುವ ವಿಷಯ, ಬೇಡುವ ವಿಷಯ ಅಲ್ಲ. ನಾನು ಬರೆಯುವುದು ಹೀಗೆ:

"ಸರ್, ಸಂಜೆಯಿಂದ ಜ್ವರ ಇದೆ, ನಾಳೆ ರಜೆ ಹಾಕುತ್ತಿದ್ದೇನೆ. ಹತ್ತು ಗಂಟೆಗೆ ಕ್ಲೈಂಟ್ ಮೀಟಿಂಗ್ ಇದೆ, ಸ್ಲೈಡ್‌ಗಳು ಟೀಮ್ ಫೋಲ್ಡರ್‌ನಲ್ಲಿವೆ. ಮೀಟಿಂಗ್ ಮುಂದೂಡುವುದೋ ಬೇರೆಯವರು ನಡೆಸುವುದೋ, ಬೆಳಿಗ್ಗೆ ನೀವೇ ನೋಡಿ. ಈಗ ಉತ್ತರ ಬೇಡ. ನಾಡಿದ್ದು ಬರುತ್ತೇನೋ ಇಲ್ಲವೋ ನಾಳೆ ಸಂಜೆ ತಿಳಿಸುತ್ತೇನೆ."

ಇದರಲ್ಲಿ "ಸಾರಿ" ಇಲ್ಲ, ನೋಡಿ. ಒಂದು ಸಲ ಹಾಕಿದರೆ ತಪ್ಪೇನಿಲ್ಲ. ನಾಲ್ಕು ಸಲ ಹಾಕಿದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಎಷ್ಟು ಸಲ ವಾಂತಿಯಾಯಿತು ಅನ್ನುವ ಲೆಕ್ಕ, ಥರ್ಮಾಮೀಟರ್ ಫೋಟೋ, ಇವೂ ಬೇಡ. ಯಾರೂ ಕೇಳದ ಸಾಕ್ಷಿ ಕೊಟ್ಟರೆ ಇಲ್ಲದ ಅನುಮಾನ ಹುಟ್ಟುತ್ತದೆ. ಡಾಕ್ಟರ್ ಸರ್ಟಿಫಿಕೇಟ್ ಬೇಕಿದ್ದರೆ ಆಮೇಲೆ ಕೇಳುತ್ತಾರೆ, ಬಿಡಿ.

ಎಲ್ಲರಿಗೂ ಇದು ಸಾಲುವುದಿಲ್ಲ. ಬೆಳಿಗ್ಗೆ ಆರಕ್ಕೆ ಶಿಫ್ಟ್ ಇದ್ದು, ನಿಮ್ಮ ಜಾಗಕ್ಕೆ ಇನ್ನೊಬ್ಬರು ಬರಲೇಬೇಕು ಅಂದರೆ ಮೆಸೇಜ್ ನೆಚ್ಚಬೇಡಿ. ಫೋನ್ ಸೈಲೆಂಟ್‌ನಲ್ಲಿದ್ದರೆ ಅದು ಬೆಳಿಗ್ಗೆ ಏಳಕ್ಕೆ ಕಣ್ಣಿಗೆ ಬೀಳುತ್ತದೆ, ಅಷ್ಟರಲ್ಲಿ ಶಿಫ್ಟ್ ಖಾಲಿ. ಅಲ್ಲಿ ರಾತ್ರಿಯೇ ಕಾಲ್ ಮಾಡುವುದು ಸರಿ. ರಜೆಗೆ ಕಾಲ್ ಮಾಡಲೇಬೇಕು ಅಂತ ನಿಯಮ ಇದ್ದರೂ ಅಷ್ಟೇ.

ಕೊನೆಗೆ ಕೈ ತಾನಾಗಿ ಒಂದು ಸಾಲು ಸೇರಿಸುತ್ತದೆ: "ಅರ್ಜೆಂಟ್ ಇದ್ದರೆ ಕಾಲ್ ಮಾಡಿ ಸರ್." ಅದನ್ನು ಅಳಿಸಿ. ಬರೆದರೆ ಹತ್ತು ಗಂಟೆಗೆ ಕಾಲ್ ಬಂದೇ ಬರುತ್ತದೆ, ನೀವು ಹಾಸಿಗೆಯಲ್ಲೇ ಮಲಗಿಕೊಂಡು ಆ ಮೀಟಿಂಗ್‌ನಲ್ಲಿ ಇರುತ್ತೀರಿ.