ರದ್ದು ಮಾಡಿ ಅಂತ ಫೋನ್ ಮಾಡಿದಾಗ ಏನು ಹೇಳಬೇಕು?

ಯಾವುದಾದರೂ ಸೇವೆಗೆ ಸೇರಿಕೊಳ್ಳಲು ಫೋನಿನಲ್ಲಿ ಎರಡು ಸಲ ಒತ್ತಿದರೆ ಸಾಕು. ಬಿಡಬೇಕು ಅಂದರೆ ಮಾತ್ರ ಕಸ್ಟಮರ್ ಕೇರ್‌ಗೆ ಕರೆ ಮಾಡಬೇಕು, ಸಂಗೀತ ಕೇಳುತ್ತ ಕಾಯಬೇಕು, ಮೂರು ಜನರಿಗೆ ಒಂದೇ ಕಥೆ ಹೇಳಬೇಕು. ಇದು ಬೇಕಂತಲೇ ಮಾಡಿಟ್ಟ ವ್ಯವಸ್ಥೆ ಅಂತ ನಾನು ನಂಬುತ್ತೇನೆ. ಅರ್ಧ ದಾರಿಯಲ್ಲಿ ನಿಮಗೆ ಸಾಕಾಗಿ ಹೋಗಲಿ ಅನ್ನುವುದೇ ಅದರ ಲೆಕ್ಕ.

ಮನೆಯ ಇಂಟರ್ನೆಟ್ ಸಂಪರ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಿಲ್ ಪ್ರತಿ ತಿಂಗಳು 1ನೇ ತಾರೀಖಿಗೆ ಬರುತ್ತದೆ, ನಿಮಗೆ ಈ ತಿಂಗಳ ಕೊನೆಗೆ ನಿಲ್ಲಿಸಬೇಕು. ಫೋನ್ ಮಾಡುತ್ತೀರಿ. ನಮ್ಮಲ್ಲಿ ಹೆಚ್ಚಿನವರು ಹೇಗೆ ಶುರು ಮಾಡುತ್ತೇವೆ ಗೊತ್ತಾ? "ಕನೆಕ್ಷನ್ ಕ್ಯಾನ್ಸಲ್ ಮಾಡೋ ಬಗ್ಗೆ ಸ್ವಲ್ಪ ಕೇಳಬೇಕಿತ್ತು" ಅಂತ. ಇಲ್ಲೇ ಆಟ ಕೈತಪ್ಪುತ್ತದೆ. ಕೇಳಬೇಕಿತ್ತು ಅಂದ ಕೂಡಲೇ ಅದು ವಿಚಾರಣೆ ಆಯಿತು. ಆ ಕಡೆಯವರು ವಿಚಾರಣೆ ಅಂತಲೇ ಬರೆದುಕೊಳ್ಳುತ್ತಾರೆ.

ಅದರ ಬದಲು ಹೀಗೆ ಹೇಳಿ: "ನನ್ನ ಖಾತೆ ಸಂಖ್ಯೆ ಇದು. ಈ ಸಂಪರ್ಕವನ್ನು ಈ ತಿಂಗಳ 30ರಿಂದ ರದ್ದು ಮಾಡುತ್ತಿದ್ದೇನೆ. ದಯವಿಟ್ಟು ಕೋರಿಕೆ ದಾಖಲಿಸಿ, ಅದರ ಸಂಖ್ಯೆ ಕೊಡಿ." ಅಷ್ಟೇ. ಯಾವ ಖಾತೆ, ಯಾವ ದಿನದಿಂದ, ನನಗೇನು ಬೇಕು, ಎಲ್ಲ ಅದರಲ್ಲೇ ಬಂತು. "ಮಾಡಬೇಕು ಅಂತಿದ್ದೇನೆ" ಬೇಡ, "ಮಾಡಬಹುದಾ" ಅಂತೂ ಬೇಡವೇ ಬೇಡ.

ಮೊದಲು ಫೋನ್ ಎತ್ತಿದವರಿಗೆ ಬಹಳ ಸಲ ರದ್ದು ಮಾಡುವ ಅಧಿಕಾರವೇ ಇರುವುದಿಲ್ಲ. ಅವರು ನಿಮ್ಮನ್ನು ಇನ್ನೊಂದು ತಂಡಕ್ಕೆ ದಾಟಿಸುತ್ತಾರೆ. ಕಂಪನಿಯ ಒಳಗೆ ಅದಕ್ಕೆ ರಿಟೆನ್ಷನ್ ಡೆಸ್ಕ್ ಅನ್ನುತ್ತಾರೆ. ಬಿಟ್ಟು ಹೋಗುವವರನ್ನು ಹಿಡಿದಿಟ್ಟುಕೊಳ್ಳುವುದೇ ಅವರ ಕೆಲಸ. ಅವರ ಮೊದಲ ಪ್ರಶ್ನೆ: "ಯಾಕೆ ಸರ್, ಏನಾದರೂ ತೊಂದರೆ ಆಯಿತಾ?"

ಕೇಳಲು ಕಾಳಜಿಯ ಹಾಗಿದೆ ಅಲ್ವಾ? ಆದರೆ ನೀವು ಕೊಡುವ ಒಂದೊಂದು ಕಾರಣಕ್ಕೂ ಅವರ ಮುಂದೆ ಒಂದೊಂದು ಉತ್ತರ ಸಿದ್ಧವಿರುತ್ತದೆ. ಬಿಲ್ ಜಾಸ್ತಿ ಅಂದರೆ ರಿಯಾಯಿತಿ. ಸ್ಪೀಡ್ ಇಲ್ಲ ಅಂದರೆ ನಾಳೆಯೇ ತಂತ್ರಜ್ಞರು ಬರುತ್ತಾರೆ. ಮನೆ ಬದಲಾಯಿಸುತ್ತಿದ್ದೇನೆ ಅಂದರೆ ಹೊಸ ಮನೆಗೇ ವರ್ಗಾಯಿಸಿ ಕೊಡುತ್ತಾರೆ. ಇನ್ನು ನಿಮಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ.

ಹಾಗಾಗಿ ಕಾರಣ ಕೊಡಬೇಡಿ. ಕೇಳಿದರೆ "ವೈಯಕ್ತಿಕ ಕಾರಣ" ಅನ್ನಿ. ಕಂಪ್ಯೂಟರಿನಲ್ಲಿ ಕಾರಣದ ಜಾಗ ತುಂಬದೆ ಅವರಿಗೆ ಮುಂದೆ ಹೋಗಲು ಆಗದಿರಬಹುದು, ಅದಕ್ಕೆ ಈ ಎರಡು ಪದ ಸಾಕು. ರಿಯಾಯಿತಿ ಬಂದರೆ "ಬೇಡ, ಕೋರಿಕೆ ದಾಖಲಿಸಿ" ಅನ್ನಿ. ಮತ್ತೆ ಬಂದರೆ ಮತ್ತೆ ಅದೇ ಮಾತು, ಅದೇ ಧ್ವನಿ. ರೇಗಬೇಡಿ. ಎದುರಿಗಿರುವವರೂ ಸಂಬಳಕ್ಕೆ ಕೂತ ಮನುಷ್ಯರೇ, ಆ ಪ್ರಶ್ನೆಗಳನ್ನು ಅವರೇನು ಬರೆದಿದ್ದಲ್ಲ. ನಿಜವಾಗಲೂ ನಿಮಗೆ ಬೇಕಿದ್ದದ್ದು ರಿಯಾಯಿತಿಯೇ ಆಗಿದ್ದರೆ ಅದು ಬೇರೆ ವಿಷಯ, ಚೌಕಾಸಿ ಮಾಡಿ.

ಈಗ ಸಂಖ್ಯೆಯ ವಿಷಯಕ್ಕೆ ಬರೋಣ. ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. ಒಂದು ಉದ್ದದ ಸಂಖ್ಯೆ ಕೊಡುತ್ತಾರೆ, ನಾವು ಬರೆದುಕೊಂಡು ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಕರೆ ಮಾಡಿದ್ದಕ್ಕೇ ಒಂದು ಸಂಖ್ಯೆ ಹುಟ್ಟುವ ಕಡೆಗಳಿವೆ. ಅದು ಕರೆಯ ಸಂಖ್ಯೆ, ರದ್ದತಿಯದಲ್ಲ. ತಿಂಗಳಾದ ಮೇಲೆ ಬಿಲ್ ಬಂತು ಅಂತ ಕೇಳಿದರೆ "ಸರ್, ಈ ನಂಬರಿನಲ್ಲಿ ಜನರಲ್ ಎನ್‌ಕ್ವೈರಿ ಅಂತ ಇದೆ, ಕ್ಲೋಸ್ ಆಗಿದೆ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಅಲ್ಲಿರುವುದೇ ಅದು.

ಅದಕ್ಕೆ ಸಂಖ್ಯೆ ಕೊಟ್ಟ ಕೂಡಲೇ ಕೇಳಿ: "ಇದು ಯಾವ ವಿಧದಲ್ಲಿ ದಾಖಲಾಗಿದೆ? ನಿಮ್ಮ ಪರದೆಯ ಮೇಲೆ ಇರುವುದನ್ನು ಹಾಗೇ ಓದಿ." ರದ್ದತಿ ಅನ್ನುವ ಮಾತು ಅವರ ಬಾಯಿಂದ ಬರಬೇಕು. ಬರದಿದ್ದರೆ ಸರಿಪಡಿಸಿ ಹೊಸ ಸಂಖ್ಯೆ ಕೊಡಿ ಅನ್ನಿ. ಆಮೇಲೆ ಸಂಖ್ಯೆಯನ್ನು ನೀವೇ ಒಂದೊಂದೇ ಅಂಕಿ ಓದಿ ಹೇಳಿ. ಸಂಪರ್ಕ ಯಾವತ್ತು ನಿಲ್ಲುತ್ತದೆ, ಕೊನೆಯ ಬಿಲ್ ಯಾವುದು, ಮೋಡೆಮ್ ಹೇಗೆ ವಾಪಸ್ ಕೊಡಬೇಕು, ಕೇಳಿಕೊಳ್ಳಿ. ಮೋಡೆಮ್ ಮರೆತರೆ ಅದರ ಬೆಲೆಯನ್ನೇ ಬಿಲ್ಲಿಗೆ ಸೇರಿಸುವವರಿದ್ದಾರೆ. ಕೊಟ್ಟಾಗ ರಸೀದಿ ಬಿಡಬೇಡಿ.

ಏಜೆಂಟ್ ಹೆಸರು ಅಥವಾ ಐಡಿ, ತಾರೀಖು, ಕರೆ ಶುರುವಾದ ಸಮಯ, ಇವನ್ನೂ ಬರೆದುಕೊಳ್ಳಿ. ಹೆಸರು ಒಂದೇ ಇದ್ದರೆ ಸಾಲದು, ಅಷ್ಟು ದೊಡ್ಡ ಕಾಲ್ ಸೆಂಟರಿನಲ್ಲಿ ಅದೇ ಹೆಸರಿನವರು ಎಷ್ಟು ಜನವೋ. ಸಮಯ ಯಾಕೆ ಅಂದರೆ, ಮುಂದೆ ಜಗಳ ಬಂದಾಗ ಅವರ ಕಡೆಯ ರೆಕಾರ್ಡಿಂಗ್ ಹುಡುಕಿಸಲು ಅದೇ ಆಧಾರ. ಕೊನೆಗೆ, "ನಾನು ಲೈನಿನಲ್ಲಿ ಇರುವಾಗಲೇ ಮೆಸೇಜ್ ಅಥವಾ ಇಮೇಲ್ ಕಳಿಸಿ" ಅನ್ನಿ. 24 ಗಂಟೆಯಲ್ಲಿ ಬರುತ್ತದೆ ಅಂದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಇಷ್ಟಾದರೂ ಆಗುವುದಿಲ್ಲ ಅಂದರೆ? "ಇನ್ನೂ ಆರು ತಿಂಗಳ ಕರಾರು ಇದೆ" ಅಂದರು ಅಂತಿಟ್ಟುಕೊಳ್ಳಿ. ಅದು ನಿಜವೂ ಇರಬಹುದು, ಸುಮ್ನೆ ಹಟ ಹಿಡಿಯಬೇಡಿ. "ಯಾವ ಷರತ್ತು? ಅದರ ಸಂಖ್ಯೆ ಹೇಳಿ, ಇಮೇಲ್ ಮಾಡಿ. ಅವಧಿಗೆ ಮೊದಲೇ ಬಿಟ್ಟರೆ ಎಷ್ಟು ಕಟ್ಟಬೇಕು?" ಅಂತ ಕೇಳಿ. ಎಷ್ಟೋ ಕರಾರುಗಳಲ್ಲಿ ಮಧ್ಯದಲ್ಲಿ ಬಿಡಲು ಶುಲ್ಕ ಇರುತ್ತದೆ. ಬಿಡುವುದಕ್ಕೇ ಆಗದು ಅನ್ನುವುದು ಬೇರೆ, ದುಡ್ಡು ಕಟ್ಟಿ ಬಿಡಬಹುದು ಅನ್ನುವುದು ಬೇರೆ.

ಷರತ್ತು ತೋರಿಸದೆ ಬರೀ ಆಗಲ್ಲ ಅಂದರೆ ಮೇಲ್ವಿಚಾರಕರನ್ನು ಕೇಳಿ. ಅವರು ಮೀಟಿಂಗಿನಲ್ಲಿ ಇದ್ದಾರೆ ಅನ್ನುವ ಉತ್ತರ ಬಂದೇ ಬರುತ್ತದೆ ಅಂದುಕೊಂಡಿರಿ. ಆಗ ವಾದಕ್ಕೆ ಇಳಿಯದೆ ಹೇಳಿ: "ನಾನು ಇವತ್ತು ರದ್ದು ಮಾಡಲು ಕೇಳಿದೆ, ನೀವು ಇಂಥ ಕಾರಣಕ್ಕೆ ಒಪ್ಪಲಿಲ್ಲ ಅಂತ ನನ್ನ ಖಾತೆಯಲ್ಲಿ ಬರೆಯಿರಿ. ದೂರಿನ ಸಂಖ್ಯೆ ಕೊಡಿ." ಎಷ್ಟೋ ಸಲ ಈ ಮಾತಿಗೇ ಆಗದ ಕೆಲಸ ಆಗಿಬಿಡುತ್ತದೆ. ನಿರಾಕರಣೆ ತಮ್ಮ ಹೆಸರಿನಲ್ಲಿ ದಾಖಲಾಗುವುದು ಯಾರಿಗೂ ಇಷ್ಟವಿಲ್ಲ.

ಆಗದಿದ್ದರೆ ಅದೇ ದಿನ ಇಮೇಲ್ ಹಾಕಿ. ಇಷ್ಟು ಹೊತ್ತಿಗೆ ಕರೆ ಮಾಡಿದೆ, ಈ ಐಡಿಯವರು ಹೀಗಂದರು, ದೂರಿನ ಸಂಖ್ಯೆ ಇದು, 30ರಿಂದ ಸಂಪರ್ಕ ರದ್ದು ಮಾಡಿ. ಐದು ಸಾಲು ಸಾಕು, ನಿಮ್ಮ ಕಷ್ಟದ ಕಥೆ ಬೇಡ. ಉತ್ತರ ಬರದಿದ್ದರೆ ಕಂಪನಿಯ ಮೇಲಿನ ಹಂತದ ದೂರು ವಿಭಾಗಕ್ಕೆ ಅದನ್ನೇ ಕಳಿಸಿ. ಅಲ್ಲೂ ಆಗದಿದ್ದರೆ ಹೊರಗಿನ ಪ್ರಾಧಿಕಾರ ಅಥವಾ ಗ್ರಾಹಕ ವೇದಿಕೆ. ಹೊರಗಿನವರು ಸಾಮಾನ್ಯವಾಗಿ ಮೊದಲು ಕೇಳುವುದು, ಕಂಪನಿಗೆ ಯಾವತ್ತು ದೂರು ಕೊಟ್ಟಿರಿ, ಸಂಖ್ಯೆ ಎಲ್ಲಿ ಅಂತ. ನಿಮ್ಮ ಹತ್ತಿರ ಅದು ಇದೆ.

ಬ್ಯಾಂಕಿನಲ್ಲಿ ಆಟೋ ಪೇ ನಿಲ್ಲಿಸಿಬಿಟ್ಟರೆ ಆಯಿತಲ್ಲ ಅಂತ ಕೇಳುವವರಿದ್ದಾರೆ. ಹಾಗೆ ಮಾಡಿದರೆ ದುಡ್ಡು ಹೋಗುವುದು ನಿಲ್ಲುತ್ತದೆ, ಸಂಪರ್ಕ ರದ್ದಾಗುವುದಿಲ್ಲ. ಬಾಕಿ ಬೆಳೆಯಬಹುದು, ದಂಡ ಸೇರಬಹುದು, ವಸೂಲಿಯವರ ಫೋನ್ ಶುರುವಾಗಬಹುದು. ಮೊದಲು ರದ್ದತಿಯನ್ನು ಬರವಣಿಗೆಯಲ್ಲಿ ಕೊಡಿ, ಕೊನೆಯ ನ್ಯಾಯವಾದ ಬಿಲ್ ಕಟ್ಟಿ, ಆಮೇಲೆ ಆಟೋ ಪೇ ತೆಗೆಯಿರಿ. ಅದಾದ ಮೇಲೂ 1ನೇ ತಾರೀಖಿಗೆ ಇನ್ನೊಂದು ಬಿಲ್ ಬಂದರೆ ಹೊಸ ದೂರು ಶುರು ಮಾಡಬೇಡಿ. ಹಳೆಯ ಇಮೇಲಿಗೇ ಉತ್ತರವಾಗಿ, ಹಳೆಯ ಸಂಖ್ಯೆ ಹಾಕಿ, ಆ ಬಿಲ್ ಲಗತ್ತಿಸಿ ಕಳಿಸಿ.